ಲೀಟರ್ ಲೆಕ್ಕಕ್ಕೆ ಸಿಗದ ಲ್ಯಾಬ್ರಡಾರ್

ಹೊಸ ಕಾರು ನೋಡಲು ಶೋರೂಮಿಗೆ ಹೊರಟರೆ ಸಾಮಾನ್ಯವಾಗಿ ಮನೆಮಂದಿಯೆಲ್ಲ ಜೊತೆಗಿರುತ್ತಾರೆ. ಅಜ್ಜಿ ಹಿಂದಿನ ಸೀಟಿನಲ್ಲಿ ಕೂತು ಮಂಡಿ ತಾಗುತ್ತದೋ ಇಲ್ಲವೋ ನೋಡುತ್ತಾರೆ. ಮಕ್ಕಳು ಸನ್‌ರೂಫ್ ತೆಗೆದು ಮುಚ್ಚಿ ಆಡುತ್ತಾರೆ. ಯಜಮಾನರು ಮೈಲೇಜು ಎಷ್ಟು ಕೊಡುತ್ತದೆ ಎಂದು ಎರಡು ಸಲ ಕೇಳುತ್ತಾರೆ. ಬರದೇ ಮನೆಯಲ್ಲಿ ಉಳಿಯುವ ಸದಸ್ಯ ಒಂದೇ, ಮೂವತ್ತು ಕಿಲೋ ದಾಟಿದ ನಾಯಿ. ಕಾರು ಮನೆಗೆ ಬಂದು, ಪೂಜೆ ಮುಗಿದು, ಊರಿಗೆ ಹೊರಡುವ ದಿನ ಹಿಂಬಾಗಿಲು ಎತ್ತಿದಾಗಲೇ ತಿಳಿಯುವುದು: ಅದು ಹತ್ತಲಾರದು, ಹತ್ತಿದರೆ ನಿಲ್ಲಲಾರದು, ನಿಂತರೂ ಮೂಗಿಗೆ ಗಾಜು ತಾಗುತ್ತದೆ.

ಮೈಸೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಮಂಡಿನೋವಿನ ಅಜ್ಜಿ, ಜೊತೆಗೆ ಐದು ವರ್ಷದ ಗಂಡು ಲ್ಯಾಬ್ರಡಾರ್. ಅಜ್ಜಿಯ ತವರು ಪುತ್ತೂರಿನ ಕಡೆ. ವರ್ಷಕ್ಕೆ ಮೂರ್ನಾಲ್ಕು ಸಲ ಮಡಿಕೇರಿ ಹತ್ತಿ, ಸಂಪಾಜೆ ಘಾಟಿ ಇಳಿದು, ಸುಳ್ಯದ ಮೇಲೆ ಹೋಗಿಬರುವುದಿದೆ. ಮಡಿಕೇರಿಯ ಚಳಿ, ಪುತ್ತೂರಿನ ಬೆವರು ಎರಡನ್ನೂ ಒಂದೇ ದಿನ ಕಾಣುವ ದಾರಿ ಅದು. ಇವರಿಗೆ ಯಾವ ಕಾರು ಒಪ್ಪೀತು?

ಬಹುಪಾಲು ಜನ ಮೊದಲು ನೋಡುವುದು ಡಿಕ್ಕಿಯ ಅಳತೆಯನ್ನು. ಕೈಪಿಡಿಯಲ್ಲಿ ಅದು ಲೀಟರ್‌ನಲ್ಲಿ ಇರುತ್ತದೆ. ಹ್ಯುಂಡೈ ಕ್ರೆಟಾ 433 ಲೀಟರ್, ಹೋಂಡಾ ಎಲಿವೇಟ್ 458, ಟಾಟಾ ಕರ್ವ್ 500. ಹೆಚ್ಚು ಲೀಟರ್ ಎಂದರೆ ಹೆಚ್ಚು ಜಾಗ, ಹೆಚ್ಚು ಜಾಗ ಎಂದರೆ ನಾಯಿಗೆ ಆರಾಮ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ. ಆದರೆ ಈ ಲೀಟರ್ ಲೆಕ್ಕ ಹುಟ್ಟಿದ ಬಗೆ ಗೊತ್ತಾದರೆ ಅದರ ಮೇಲಿನ ನಂಬಿಕೆ ಸ್ವಲ್ಪ ಸಡಿಲುತ್ತದೆ. ಜರ್ಮನಿಯ ಕಾರು ತಯಾರಕರ ಸಂಘದ ಹೆಸರಿನಲ್ಲಿ ವಿಡಿಎ ಎಂದು ಕರೆಯುವ ಅಳತೆಯಲ್ಲಿ 200 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸುತ್ತಾ ಹೋಗುತ್ತಾರೆ. ಒಂದು ತುಂಡು ಸರಿಯಾಗಿ ಒಂದು ಲೀಟರ್. ಹಿಡಿದ ತುಂಡುಗಳ ಸಂಖ್ಯೆಯೇ ಡಿಕ್ಕಿಯ ಲೀಟರ್. ಚಕ್ರದ ಗೂಡಿನ ಪಕ್ಕದ ಸಂದಿಯಲ್ಲಿ, ಓರೆಗಾಜಿನ ಕೆಳಗಿನ ಮೂಲೆಯಲ್ಲಿ, ನೆಲದಡಿಯ ತಟ್ಟೆಯಲ್ಲಿ ನಾಲ್ಕು ತುಂಡು ಹಿಡಿದರೆ ಅವೂ ಲೆಕ್ಕಕ್ಕೆ ಸೇರುತ್ತವೆ. ನಾಯಿಯನ್ನು ಹಾಗೆ ಸಂದಿಗೊಂದಿಗೆ ತುಂಬಲು ಬರುವುದಿಲ್ಲ.

ಕರ್ವ್ ಇದಕ್ಕೆ ಒಳ್ಳೆಯ ಉದಾಹರಣೆ. ಕೂಪೆಯಂತೆ ಚಾವಣಿ ಹಿಂದಕ್ಕೆ ಇಳಿಯುವ ಕಾರು ಅದು. ಸಿಟ್ರೊಯೆನ್ ಬಸಾಲ್ಟ್ ಕೂಡ ಅದೇ ಜಾತಿಯದು, 470 ಲೀಟರ್. ಸೂಟ್‌ಕೇಸ್ ಹೇರುವವರಿಗೆ ಇವೆರಡೂ ನಿಜಕ್ಕೂ ದೊಡ್ಡ ಡಿಕ್ಕಿಗಳೇ. ಸೂಟ್‌ಕೇಸನ್ನು ಮಲಗಿಸಿ ಒಂದರ ಮುಂದೊಂದು ತಳ್ಳಬಹುದು. ನಾಯಿ ಮಾತ್ರ ಹಿಂಬಾಗಿಲಿನ ಕಡೆ ಮುಖ ಮಾಡಿ ಎದ್ದು ನಿಂತರೆ ತಲೆ ಇರಬೇಕಾದ ಜಾಗದಲ್ಲೇ ಓರೆಗಾಜು ಇರುತ್ತದೆ. ಅದೇ, ನಾಲ್ಕು ಮೀಟರ್‌ಗಿಂತ ತುಸು ಗಿಡ್ಡವಾದ ರೆನೊ ಟ್ರೈಬರ್‌ನ ಹಿಂಭಾಗ ಹೆಚ್ಚುಕಡಿಮೆ ನೆಟ್ಟಗೆ ಎದ್ದು ನಿಂತಿದೆ. ಅದರ ಮೂರನೇ ಸಾಲಿನ ಎರಡು ಸೀಟುಗಳನ್ನು ಮಡಚುವುದಲ್ಲ, ಕಳಚಿ ಮನೆಯಲ್ಲೇ ಇಟ್ಟುಬರಬಹುದು. ಕಳಚಿದಾಗ ಡಿಕ್ಕಿ 625 ಲೀಟರ್. ಇಲ್ಲಿಯೂ ಲೀಟರ್‌ಗಿಂತ ಮುಖ್ಯವಾದದ್ದು, ನೆಲದಿಂದ ಚಾವಣಿಯವರೆಗಿನ ಎತ್ತರ ಹಿಂಬಾಗಿಲಿನ ತನಕ ಬಹುಮಟ್ಟಿಗೆ ಹಾಗೇ ಉಳಿಯುವುದು.

ಹಾಗಾಗಿ ಕಾರಿಗಿಂತ ಮೊದಲು ನಾಯಿಯನ್ನು ಅಳೆಯಬೇಕು. ಟೈಲರ್ ಟೇಪು ಸಾಕು, ಒಂದು ಬಿಸ್ಕತ್ತು ಕೈಯಲ್ಲಿದ್ದರೆ ಕೆಲಸ ಸಲೀಸು. ನಮ್ಮ ಮೈಸೂರಿನ ಲ್ಯಾಬ್ರಡಾರ್ ಭುಜದ ತನಕ 60 ಸೆಂಟಿಮೀಟರ್ ಇದೆ, ಅದರ ತಳಿಗೆ ಇದು ನಡುಮಧ್ಯದ ಎತ್ತರ. ಸಹಜವಾಗಿ ನಿಂತಾಗ ನೆಲದಿಂದ ತಲೆಯ ನೆತ್ತಿಗೆ 74. ಮೂಗಿನ ತುದಿಯಿಂದ ಬಾಲದ ಬುಡಕ್ಕೆ 96. ಮುಂಗಾಲಿನ ಮೊಣಕೈ ತನಕ 33, ಎರಡು ಭುಜಗಳ ನಡುವೆ 26. ತೂಕ 34 ಕಿಲೋ.

ವಿಮಾನದಲ್ಲಿ ನಾಯಿ ಕಳಿಸುವಾಗ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘಟನೆ ಅಯಾಟಾ ಒಂದು ಸೂತ್ರ ಕೊಟ್ಟಿದೆ. ಮೂಗಿನಿಂದ ಬಾಲದ ಬುಡದ ಉದ್ದಕ್ಕೆ ಮೊಣಕೈ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗಿನ ಪೂರ್ತಿ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಪೆಟ್ಟಿಗೆಯ ಎತ್ತರ. ಈ ಲೆಕ್ಕದಲ್ಲಿ ನಮ್ಮ ನಾಯಿಗೆ ಬೇಕಾಗುವುದು ಸುಮಾರು 113 ಸೆಂಟಿಮೀಟರ್ ಉದ್ದ, 52 ಅಗಲ, 77 ಎತ್ತರದ ಜಾಗ. ಕಾರಿಗೆ ಇಷ್ಟು ಕಟ್ಟುನಿಟ್ಟು ಬೇಡ. ದಾರಿಯಲ್ಲಿ ನಿಲ್ಲಿಸಿ ಇಳಿಸಬಹುದು, ಸುರುಳಿ ಸುತ್ತಿ ಮಲಗುವ ನಾಯಿಗೆ ಇನ್ನೂ ಕಡಿಮೆ ಉದ್ದ ಸಾಕು. ಆದರೂ ಈ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಶೋರೂಮಿನಲ್ಲಿ ಅಳೆಯಬೇಕಾದದ್ದು ಏನೆಂದು ಗೊಂದಲವಿರುವುದಿಲ್ಲ.

ಅಲ್ಲಿ ಡಿಕ್ಕಿಯ ಮೇಲಿನ ಪಾರ್ಸೆಲ್ ಟ್ರೇ ತೆಗೆಸಿ ನಾಲ್ಕು ಕಡೆ ಟೇಪು ಹಿಡಿಯಬೇಕು. ಮೊದಲನೆಯದು ಎರಡು ಚಕ್ರಗೂಡುಗಳ ನಡುವಿನ ಅಗಲ. ನಾಯಿ ಅಡ್ಡಡ್ಡ ಮಲಗುವುದು ಇಲ್ಲೇ. ಎರಡನೆಯದು ಹಿಂದಿನ ಸೀಟಿನ ಬೆನ್ನಿನಿಂದ ಮುಚ್ಚಿದ ಹಿಂಬಾಗಿಲಿನವರೆಗಿನ ಆಳ. ಮೂರನೆಯದು ನೆಲದಿಂದ ಚಾವಣಿಯ ಎತ್ತರ. ಇದನ್ನು ಸೀಟಿನ ಬೆನ್ನಿನ ಹತ್ತಿರ ಒಮ್ಮೆ, ಬಾಗಿಲಿನ ಹತ್ತಿರ ಒಮ್ಮೆ, ಎರಡು ಕಡೆ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಗಾಜಿನ ಓರೆ ಎಷ್ಟು ಜಾಗ ತಿನ್ನುತ್ತಿದೆ ಎಂಬುದನ್ನು ಹೇಳುತ್ತದೆ. ಕೊನೆಯದು ಬಾಗಿಲಿನ ತೆರಪಿನ ಎತ್ತರ. ಒಳಗೆ ಎಷ್ಟೇ ಜಾಗವಿದ್ದರೂ ತೆರಪು ಗಿಡ್ಡವಾಗಿದ್ದರೆ ದೊಡ್ಡ ನಾಯಿ ತಲೆ ತಗ್ಗಿಸಿಕೊಂಡೇ ನುಗ್ಗಬೇಕು. ವಯಸ್ಸಾದ ನಾಯಿಗೆ ಅದು ಕಷ್ಟ.

ಏಳು ಸೀಟಿನ ಕಾರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರುತಿ ಎರ್ಟಿಗಾದಲ್ಲಿ ಮೂರನೇ ಸಾಲು ಎತ್ತಿ ನಿಂತಾಗ ಡಿಕ್ಕಿ 209 ಲೀಟರ್, ಮಡಚಿದರೆ 550. ಮಡಚಿದ ಬೆನ್ನು ಸೀಟಿನ ಮೇಲೆಯೇ ಬೀಳುವುದರಿಂದ ನೆಲ ಒಂದು ಜಗಲಿಯಷ್ಟು ಮೇಲೇಳುತ್ತದೆ. ಆಳ ಸಿಕ್ಕಿತು, ಎತ್ತರ ಹೋಯಿತು. ಟೊಯೊಟ ಇನ್ನೋವಾ ಕ್ರಿಸ್ಟಾದ ಮೂರನೇ ಸಾಲು ಎರಡು ಪಕ್ಕಕ್ಕೆ ಮಡಚಿ ಗೋಡೆಗೆ ಆತುಕೊಳ್ಳುತ್ತದೆ. ಅಲ್ಲಿ ಎತ್ತರ ಉಳಿಯಿತು, ಅಗಲ ಹೋಯಿತು. ಕಳಚಿ ಇಡುವ ಟ್ರೈಬರ್‌ನಲ್ಲಿ ಎರಡೂ ಉಳಿಯುತ್ತವೆ. ಯಾವುದು ಮೇಲು ಎಂಬುದು ನಾಯಿಯನ್ನು ಅವಲಂಬಿಸಿದೆ. ಕಾಲು ಉದ್ದದ ಗ್ರೇಟ್ ಡೇನ್ ಅಥವಾ ಮುಧೋಳ ನಾಯಿಗೆ ಎತ್ತರ ಬೇಕು; ದಪ್ಪಗೆ ಬೆಳೆದು ಹತ್ತಿದ ಕೂಡಲೇ ಮಲಗಿಬಿಡುವ ಲ್ಯಾಬ್ರಡಾರ್‌ಗೆ ಅಗಲ. ಇದನ್ನೆಲ್ಲ ಕೇಳಿ, ಏಳು ಸೀಟಿನ ಯಾವುದೋ ಕಾರಿನ ಹಿಂದಿನ ಸಾಲನ್ನು ಬೋಲ್ಟ್ ಬಿಚ್ಚಿ ತೆಗೆಸುವ ಯೋಚನೆ ಕೆಲವರಿಗೆ ಬರಬಹುದು. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ತಯಾರಕರೇ ಕಳಚಲು ಮಾಡಿಕೊಟ್ಟ ಸೀಟಿಗೂ ಗ್ಯಾರೇಜಿನಲ್ಲಿ ಬಿಚ್ಚಿದ ಸೀಟಿಗೂ ಅಷ್ಟು ಅಂತರವಿದೆ.

ಒಂದು ಕಾಲದಲ್ಲಿ ಇಂಥ ಕುಟುಂಬಗಳಿಗೆಂದೇ ಹೇಳಿ ಮಾಡಿಸಿದಂತೆ ಸ್ಟೇಷನ್ ವ್ಯಾಗನ್‌ಗಳಿದ್ದವು. ಟಾಟಾ ಎಸ್ಟೇಟ್, ಮಾರುತಿ ಬಲೆನೊ ಆಲ್ಟುರಾ, ಟಾಟಾ ಇಂಡಿಗೊ ಮರೀನಾ. ಕಾರಿನಷ್ಟೇ ತಗ್ಗಾದ ನೆಲ, ಹಿಂದಿನವರೆಗೂ ಹರಿದ ಚಾವಣಿ. ಯುರೋಪಿನಲ್ಲಿ ನಾಯಿ ಸಾಕಿದವರು ಇವತ್ತಿಗೂ ಅಂಥವನ್ನೇ ಹುಡುಕುತ್ತಾರೆ. ನಮ್ಮಲ್ಲಿ ಅವು ಮಾರಾಟವಾಗಲಿಲ್ಲ. ಆ ಜಾಗಕ್ಕೆ ಎಸ್‌ಯುವಿ ಬಂದು ಕೂತಿತು. ನಾಯಿಯ ಮಟ್ಟಿಗೆ ಅದು ನಷ್ಟವೇ, ಯಾಕೆಂದರೆ ಎಸ್‌ಯುವಿ ಎತ್ತರಿಸಿದ್ದು ಚಾವಣಿಯನ್ನಷ್ಟೇ ಅಲ್ಲ, ನೆಲವನ್ನೂ.

ನೆಲದ ಎತ್ತರ ಎಂದಾಗ ಗ್ರೌಂಡ್ ಕ್ಲಿಯರೆನ್ಸ್ ನೆನಪಾಗುವುದುಂಟು. ಅದು ಕಾರಿನ ಹೊಟ್ಟೆಗೂ ರಸ್ತೆಗೂ ನಡುವಿನ ಅಂತರ. ನಾಯಿಗೆ ಸಂಬಂಧಪಟ್ಟದ್ದು ಡಿಕ್ಕಿಯ ಅಂಚು ರಸ್ತೆಯಿಂದ ಎಷ್ಟು ಮೇಲಿದೆ ಎಂಬುದು. ಕೈಪಿಡಿಯಲ್ಲಿ ಆ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ಹಿಂಬಾಗಿಲು ಎತ್ತಿ, ಅಂಚಿನ ಮೇಲಿನಿಂದ ನೆಲಕ್ಕೆ ಟೇಪು ಬಿಡುವುದೊಂದೇ ದಾರಿ. ಪೆಟ್ಟಿಗೆಯಂಥ ಹ್ಯಾಚ್‌ಬ್ಯಾಕ್ ಮತ್ತು ಎಂಪಿವಿಗಳಲ್ಲಿ ಇದು ಅರವತ್ತರ ಮೇಲಿನ ಸೆಂಟಿಮೀಟರ್‌ಗಳಲ್ಲಿ, ಎಸ್‌ಯುವಿಗಳಲ್ಲಿ ಎಪ್ಪತ್ತರ ಆಚೆಈಚೆ ಸಿಗುತ್ತದೆ. ಬೊಲೆರೊ, ಸ್ಕಾರ್ಪಿಯೊ, ಕ್ರಿಸ್ಟಾದಂತೆ ಉಕ್ಕಿನ ಏಣಿ ಚೌಕಟ್ಟಿನ ಮೇಲೆ ದೇಹ ಕೂರಿಸಿದ ಗಾಡಿಗಳಲ್ಲಿ ನೆಲ ಇನ್ನೂ ಮೇಲೆ, ಯಾಕೆಂದರೆ ಚೌಕಟ್ಟಿನ ದಪ್ಪವೂ ಅಡಿಯಲ್ಲಿ ಸೇರುತ್ತದೆ.

ಎರಡು ವರ್ಷದ ನಾಯಿಗೆ ಎಪ್ಪತ್ತು ಸೆಂಟಿಮೀಟರ್ ಏನೂ ಅಲ್ಲ, ಹಾರಿ ಕೂರುತ್ತದೆ. ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವವರು ಯೋಚಿಸಬೇಕಾದದ್ದು ಅದೇ ನಾಯಿಯ ಎಂಟನೇ ವರ್ಷವನ್ನು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ. ಪಶುವೈದ್ಯರು ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಹತ್ತುವಾಗ ಹಿಂಗಾಲು ನೋಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇಳಿಯುವಾಗಿನ ಪೆಟ್ಟು ಕಾಣುವುದಿಲ್ಲ. ಸುಮ್ಮನೆ ನಿಂತಾಗಲೇ ನಾಯಿಯ ತೂಕದ ಸುಮಾರು 60 ಶೇಕಡ ಮುಂಗಾಲುಗಳ ಮೇಲಿರುತ್ತದೆ. ಹಾರಿ ಇಳಿದಾಗ ಇಡೀ ಮೈಯ ಹೊಡೆತವನ್ನು ಮೊದಲು ತಡೆಯುವುದು ಅವೇ, ಅದರಲ್ಲೂ ಮೊಣಕೈ ಕೀಲು. ಹತ್ತಲು ಉತ್ಸಾಹ ತೋರುವ ನಾಯಿ ಇಳಿಯಲು ಹಿಂದೆಮುಂದೆ ನೋಡತೊಡಗಿದರೆ, ಅಂಚಿನಲ್ಲಿ ನಿಂತು ಕಾಲು ಬದಲಿಸುತ್ತಿದ್ದರೆ, ಅದು ಹಟವಲ್ಲ. ಡಾಕ್ಟರಿಗೆ ತೋರಿಸಬೇಕಾದ ಲಕ್ಷಣ.

ಇಳಿಜಾರು ಹಲಗೆ, ಅಂದರೆ ರ‍್ಯಾಂಪ್, ಈಗ ಮಡಚುವ ರೂಪದಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಸಣ್ಣ ಲೆಕ್ಕ ಮಾಡಬೇಕು. ಅಂಚು 70 ಸೆಂಟಿಮೀಟರ್ ಎತ್ತರದಲ್ಲಿದ್ದು ರ‍್ಯಾಂಪ್ ಒಂದೂವರೆ ಮೀಟರ್ ಇದ್ದರೆ ಇಳಿಜಾರು ಸುಮಾರು 28 ಡಿಗ್ರಿ. ಅದು ಕಡಿದಾದದ್ದು, ಹೆಚ್ಚಿನ ನಾಯಿಗಳು ಅರ್ಧಕ್ಕೆ ಹಾರಿಬಿಡುತ್ತವೆ. 1.8 ಮೀಟರ್ ಇದ್ದರೆ 23 ಡಿಗ್ರಿಗೆ ಇಳಿಯುತ್ತದೆ. ಅಂಚು 62 ಸೆಂಟಿಮೀಟರ್ ಇರುವ ಕಾರಿಗೆ ಅದೇ ಒಂದೂವರೆ ಮೀಟರಿನ ರ‍್ಯಾಂಪ್ 24 ಡಿಗ್ರಿ ಕೊಡುತ್ತದೆ. ಕಾರು ಎಂಟು ಸೆಂಟಿಮೀಟರ್ ತಗ್ಗಿದರೆ ರ‍್ಯಾಂಪ್ ಒಂದಡಿ ಗಿಡ್ಡವಾಗುತ್ತದೆ ಎಂದಾಯಿತು. ಆ ಒಂದಡಿಯೂ ಮುಖ್ಯವೇ, ಏಕೆಂದರೆ ಮಡಚಿದ ರ‍್ಯಾಂಪ್ ಇಡಬೇಕಾದದ್ದು ನಾಯಿ ಮಲಗುವ ಅದೇ ಡಿಕ್ಕಿಯಲ್ಲಿ.

ಅಂಚಿನ ಆಕಾರವನ್ನೂ ಗಮನಿಸಬೇಕು. ಕೆಲವು ಕಾರುಗಳಲ್ಲಿ ಅಂಚು ದಾಟಿದ ಮೇಲೆ ನೆಲ ಒಂದು ಗೇಣು ಕೆಳಗಿಳಿಯುತ್ತದೆ. ಸಾಮಾನು ಉರುಳದಿರಲು ಅದು ಅನುಕೂಲ, ನಾಯಿಗೆ ಎಡವುಗಟ್ಟೆ. ಇಂಥಲ್ಲಿ ಎತ್ತರಿಸಬಹುದಾದ ನೆಲದ ಹಲಗೆ ಇದ್ದರೆ ಒಳ್ಳೆಯದು. ಸಿಎನ್‌ಜಿ ಕಾರಿನದು ಬೇರೆಯೇ ಕಥೆ. ಒಂದೇ ದೊಡ್ಡ ಸಿಲಿಂಡರ್ ಇರುವ ಕಾರಿನ ಡಿಕ್ಕಿಯಲ್ಲಿ ನಾಯಿಯ ಮಾತೇ ಇಲ್ಲ. ಟಾಟಾ ಕಂಪನಿ 30 ಲೀಟರಿನ ಎರಡು ಸಿಲಿಂಡರ್‌ಗಳನ್ನು ನೆಲದಡಿ ಅಕ್ಕಪಕ್ಕ ಮಲಗಿಸಿ ಮೇಲೆ ಹಲಗೆ ಹಾಕಿದೆ, ಬ್ಯಾಗುಗಳಿಗೆ ಜಾಗ ಉಳಿದಿದೆ. ಆದರೆ ನೆಲ ಅಷ್ಟರಮಟ್ಟಿಗೆ ಮೇಲೆದ್ದಿರುವುದರಿಂದ ನಿಂತ ನಾಯಿಯ ತಲೆಗೆ ಉಳಿಯುವ ಎತ್ತರ ಕಡಿಮೆ.

ಇನ್ನು ಗಾಳಿ. ಎಲ್ಲರೂ ಲಘುವಾಗಿ ತೆಗೆದುಕೊಳ್ಳುವ, ಆದರೆ ಪ್ರಾಣಕ್ಕೇ ಮುಟ್ಟುವ ಸಂಗತಿ ಇದೇ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತಾ, ಬಾಯಿ ಮತ್ತು ಮೂಗಿನ ತೇವ ಆರಿದಾಗ ಆಗುವ ತಂಪಿನಿಂದಲೇ ಮೈಯ ಕಾವು ಇಳಿಸಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಈ ಉಪಾಯ ಕೈಕೊಡುತ್ತದೆ. ಅದಕ್ಕೇ ಮೈಸೂರಿನ 33 ಡಿಗ್ರಿಗಿಂತ ಪುತ್ತೂರಿನ 33 ಡಿಗ್ರಿ ನಾಯಿಗೆ ಹೆಚ್ಚು ಅಪಾಯ. ಅದರ ಸಹಜ ಕಾವು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಅದು ತುರ್ತುಸ್ಥಿತಿ. ಬಾಕ್ಸರ್, ಬುಲ್‌ಮಾಸ್ಟಿಫ್‌ನಂಥ ಮೊಂಡುಮೂಗಿನ ನಾಯಿಗಳಿಗೆ ತೇಕುವುದೇ ಕಷ್ಟವಾದ್ದರಿಂದ ಅವು ಇನ್ನೂ ಬೇಗ ಸೋಲುತ್ತವೆ.

ಕಾರಿನಲ್ಲಿ ತಂಪುಗಾಳಿ ಹರಿಯುವ ದಾರಿ ತಿಳಿದಿದ್ದರೆ ಡಿಕ್ಕಿಯಲ್ಲಿರುವ ನಾಯಿಯ ಪಾಡು ಅರ್ಥವಾಗುತ್ತದೆ. ಹೊರಗಾಳಿ ಮುಂಗಾಜಿನ ಬುಡದಿಂದ ಒಳಗೆ ಬಂದು, ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಹೊರಟು, ಹಿಂದಕ್ಕೆ ಸಾಗಿ, ಹೆಚ್ಚಿನ ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಗೋಡೆಯಲ್ಲಿ, ಬಂಪರಿನ ಹಿಂದೆ ಅಡಗಿರುವ ರಬ್ಬರ್ ಪಟ್ಟಿಯ ಕಿಂಡಿಗಳಿಂದ ಹೊರಹೋಗುತ್ತದೆ. ಎ.ಸಿ. ಗುಂಡಿಗಳ ನಡುವೆ ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುರುತೊಂದಿರುತ್ತದಲ್ಲ, ಅದನ್ನು ಒತ್ತಿದರೆ ಈ ಹರಿವು ನಿಲ್ಲುತ್ತದೆ. ಒಳಗಿನ ಗಾಳಿಯೇ ಮುಂಭಾಗದಲ್ಲಿ ಸುತ್ತತೊಡಗುತ್ತದೆ. ಮುಂದೆ ಕೂತವರಿಗೆ ಬೇಗ ತಂಪಾಗುತ್ತದೆ, ಡಿಕ್ಕಿಯ ಗಾಳಿ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಧೂಳು, ಹೊಗೆಯ ಕಾರಣಕ್ಕೆ ನಮ್ಮಲ್ಲಿ ಬಹಳ ಮಂದಿ ಆ ಗುಂಡಿಯನ್ನು ಒತ್ತಿದವರು ಮತ್ತೆ ತೆಗೆಯುವುದೇ ಇಲ್ಲ. ನಾಯಿ ಹಿಂದಿದ್ದಾಗ ಕಾರು ತಂಪಾದ ಮೇಲೆ ಹೊರಗಾಳಿಗೆ ಬದಲಿಸಬೇಕು. ಡಿಕ್ಕಿಯ ಪಕ್ಕದ ಕಿಂಡಿಗಳಿಗೆ ಬ್ಯಾಗು ಒತ್ತರಿಸಬಾರದು.

ಟೆಸ್ಟ್ ಡ್ರೈವ್ ಹೋದಾಗ ಇದನ್ನು ಪರೀಕ್ಷಿಸಲು ಟಿಶ್ಯೂ ಕಾಗದದ ಒಂದು ತೆಳು ಪಟ್ಟಿ ಸಾಕು. ಹಿಂದಿನ ಸೀಟಿನ ತಲೆದಿಂಬಿಗೆ ಡಿಕ್ಕಿಯ ಕಡೆ ಇಳಿಬಿಟ್ಟು, ಫ್ಯಾನ್ ಜೋರು ಮಾಡಿ, ಎರಡೂ ಸ್ಥಿತಿಯಲ್ಲಿ ನೋಡಬೇಕು. ಜೊತೆಗೆ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಥರ್ಮಾಮೀಟರನ್ನು ಡಿಕ್ಕಿಯ ನೆಲದ ಮೇಲಿಟ್ಟು ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ, ಮುಂದಿನ ಸೀಟಿಗೂ ಹಿಂದಕ್ಕೂ ಎಷ್ಟು ಡಿಗ್ರಿ ವ್ಯತ್ಯಾಸವೆಂದು ಸ್ಪಷ್ಟವಾಗುತ್ತದೆ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡಬಹುದು, ನೋಡಲಿ. ಎರಡು ಮುಂದಿನ ಸೀಟುಗಳ ನಡುವೆ ಹಿಂದಕ್ಕೆ ತೆರೆಯುವ ಎ.ಸಿ. ಕಿಂಡಿಯನ್ನು ಮಾರಾಟಗಾರರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ತಲುಪುವುದು ಹಿಂದಿನ ಸೀಟಿನವರ ಮಂಡಿಗೆ. ಸೀಟಿನ ಬೆನ್ನು ದಾಟಿ ಡಿಕ್ಕಿಗೆ ಬರಬೇಕಾದರೆ ಕಿಂಡಿ ಮೇಲೆ ಇರಬೇಕು. ಮೂರನೇ ಸಾಲಿಗೆಂದು ಚಾವಣಿಯಲ್ಲೇ ಕಿಂಡಿ ಕೊಟ್ಟಿರುವ ಕಾರುಗಳು ನಾಯಿಗೆ ಒಗ್ಗುವುದು ಇದಕ್ಕೇ. ಆ ಸಾಲಿನಲ್ಲಿ ಕೂರಬೇಕಾದ ಮನುಷ್ಯರ ಪಾಲಿನ ತಂಪು ನಾಯಿಗೆ ಸಿಗುತ್ತದೆ.

ನಿಲ್ಲಿಸಿದ ಕಾರಿನ ವಿಷಯದಲ್ಲಿ ಯಾವ ಕಾರೂ ಒಳ್ಳೆಯದಲ್ಲ. ಸ್ಟ್ಯಾನ್‌ಫರ್ಡ್ ವೈದ್ಯರ ತಂಡವೊಂದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ 22ರಿಂದ 36 ಡಿಗ್ರಿ ಇದ್ದ ದಿನಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಕಾವು ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಆ ಏರಿಕೆಯ 80 ಶೇಕಡ ಆದದ್ದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಒಂದೂವರೆ ಇಂಚು ಇಳಿಸಿಟ್ಟರೂ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಹಿತವೆನಿಸುವ ಮಡಿಕೇರಿಯ 24 ಡಿಗ್ರಿಯಲ್ಲೂ ಹತ್ತು ನಿಮಿಷದ ಕಾಫಿ ನಾಯಿಗೆ ದೀರ್ಘವೇ. ಎಲೆಕ್ಟ್ರಿಕ್ ಕಾರುಗಳು ನಿಂತಾಗಲೂ ಬ್ಯಾಟರಿಯಿಂದ ಎ.ಸಿ. ಓಡಿಸಬಲ್ಲವು, ಟೆಸ್ಲಾ 2019ರಲ್ಲಿ ಇದಕ್ಕೆಂದೇ ಒಂದು ಸೌಲಭ್ಯ ತಂದು, ಒಳಗಿನ ತಾಪಮಾನವನ್ನು ದಾರಿಹೋಕರಿಗೂ ಕಾಣುವಂತೆ ಪರದೆಯ ಮೇಲೆ ತೋರಿಸಿತು. ಅಂಥ ಕಾರಿನಲ್ಲೂ ಒಬ್ಬರು ನಾಯಿಯ ಜೊತೆ ಉಳಿಯುವುದೇ ಕ್ಷೇಮ. ಅಂದಹಾಗೆ, ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ನೆಲದಡಿ ಇರುವುದರಿಂದ ಹಿಂದಿನ ಸೀಟಿನ ಮುಂದಿನ ನೆಲ ಪೆಟ್ರೋಲ್ ಕಾರಿಗಿಂತ ಎತ್ತರವಾಗಿರುವುದುಂಟು. ನಾಯಿಯನ್ನು ಅಲ್ಲಿ ಮಲಗಿಸುವವರು ಅದನ್ನೂ ಅಳೆಯಬೇಕು.

ತೊಳೆಯುವ ಮಾತಿಗೆ ಬಂದರೆ, ಶೋರೂಮಿನಲ್ಲಿ ಮೆಚ್ಚುಗೆಯಾಗುವುದು ಮತ್ತು ಮನೆಯಲ್ಲಿ ಬಾಳುವುದು ಬೇರೆಬೇರೆ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು, ಮೇಲಿನದು ಗಿಡ್ಡ ಮತ್ತು ಗಡುಸು. ಡಿಕ್ಕಿಗೆ ಸಾಮಾನ್ಯವಾಗಿ ಹಾಸಿರುವ ಕಂಬಳಿಯಂಥ ಸಿಂಥೆಟಿಕ್ ಹಾಸಿನ ನೂಲುಗಳ ನಡುವೆ ಆ ಕೂದಲು ಸೂಜಿಯಂತೆ ನಾಟಿಕೊಳ್ಳುತ್ತದೆ, ವ್ಯಾಕ್ಯೂಮ್ ಹಾಕಿದರೂ ಬರುವುದಿಲ್ಲ. ಒದ್ದೆ ಮಾಡಿದ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೇ ದಿಕ್ಕಿಗೆ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಅದಕ್ಕಿಂತ ಒಳ್ಳೆಯದು, ಕಾರು ಮನೆಗೆ ಬಂದ ದಿನವೇ ಸುತ್ತ ಅಂಚು ಎದ್ದಿರುವ ರಬ್ಬರ್ ಅಥವಾ ಟಿಪಿಇ ಟ್ರೇಯನ್ನು ಡಿಕ್ಕಿಗೆ ಹಾಸುವುದು. ಅದೇ ಮಾದರಿಯ ಕಾರಿಗೆಂದೇ ಅಚ್ಚು ಹಾಕಿದ್ದಿರಬೇಕು, ಇಲ್ಲವಾದರೆ ಪಕ್ಕದಿಂದ ಒಳಗಿಳಿಯುತ್ತದೆ. ಕೆಳಗಿಳಿದ ಮೂತ್ರವೋ ಮಳೆನೀರೋ ಹಾಸಿನಡಿಯ ಫೋಮಿನಲ್ಲಿ ಕೂತರೆ ಕರಾವಳಿಯ ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಎ.ಸಿ. ಆನ್ ಮಾಡಿದ ಕೂಡಲೇ ವಾಸನೆ ಹೇಳುತ್ತದೆ. ಆ ಹಂತಕ್ಕೆ ಬಂದಮೇಲೆ ಸುಗಂಧ ಸಿಂಪಡಿಸಿ ಫಲವಿಲ್ಲ, ಹಾಸು ಎತ್ತಿ ಬಿಸಿಲಿಗೆ ಹಾಕಬೇಕು.

ಟ್ರೇ ಒಂದೇ ಇದ್ದರೆ ನಾಯಿ ಜಾರುತ್ತದೆ. ಘಾಟಿಯ ತಿರುವುಗಳಲ್ಲಿ ಜಾರುತ್ತಾ ನಾಲ್ಕು ಕಾಲಿನಿಂದ ನೆಲ ಕೆರೆಯುವ ನಾಯಿ ಸುಳ್ಯ ತಲುಪುವಷ್ಟರಲ್ಲಿ ವಾಂತಿ ಮಾಡುವುದು ಬಹುತೇಕ ಖಾತ್ರಿ. ಟ್ರೇಯ ಮೇಲೆ, ತಳದಲ್ಲಿ ರಬ್ಬರ್ ಹಿಡಿತವಿರುವ, ಮೆಷಿನ್ನಿಗೆ ಹಾಕಬಹುದಾದ ಹಾಸಿಗೆಯೊಂದು ಬೇಕೇ ಬೇಕು.

ಸೀಟುಗಳಲ್ಲಿ ಬಟ್ಟೆಗಿಂತ ಲೆದರೆಟ್ ಮೇಲು, ಒರೆಸಿದರೆ ಹೋಗುತ್ತದೆ. ಆದರೆ ಈಗಿನ ದುಬಾರಿ ಮಾದರಿಗಳಲ್ಲಿ ಗಾಳಿಯಾಡಲೆಂದು ಸೂಜಿತೂತು ಬಿಟ್ಟ ಲೆದರೆಟ್ ಬರುತ್ತದೆ. ನಾಯಿಯ ಜೊಲ್ಲು, ಕೂದಲು, ಮಣ್ಣು ಆ ತೂತುಗಳಿಗೆ ಇಳಿದರೆ ಮತ್ತೆ ತೆಗೆಯುವುದು ಅಸಾಧ್ಯವೆಂದೇ ಹೇಳಬೇಕು. ತೂತಿಲ್ಲದ ಕೆಳಗಿನ ಮಾದರಿಯನ್ನೇ ಆರಿಸಿದರೆ ದುಡ್ಡೂ ಉಳಿಯಿತು. ಕೆನೆಬಣ್ಣದ ಒಳಾಂಗಣದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕಪ್ಪು ನಾಯಿಗೆ ಕಪ್ಪು ಸೀಟು, ಹಳದಿ ನಾಯಿಗೆ ಬೂದು ಸೀಟು ಎಂಬುದು ತಮಾಷೆಯಂತೆ ಕೇಳಿದರೂ ಕೆಲಸಕ್ಕೆ ಬರುವ ಮಾತು. ಹಿಂದಿನ ಸೀಟಿನಲ್ಲೇ ನಾಯಿಯನ್ನು ಕೂರಿಸುವವರು ಮುಂದಿನ ಮತ್ತು ಹಿಂದಿನ ತಲೆದಿಂಬುಗಳಿಗೆ ಕಟ್ಟುವ ತೊಟ್ಟಿಲಿನಂಥ ಹೊದಿಕೆ ಬಳಸುತ್ತಾರೆ. ಸೀಟು ಉಳಿಯುತ್ತದೆ ನಿಜ, ಆದರೆ ಅದು ಎರಡು ಸೀಟುಗಳ ನಡುವೆ ಪರದೆ ಎಳೆದಂತಾಗಿ ಹಿಂದಿನ ಎ.ಸಿ. ಕಿಂಡಿಯನ್ನೂ ಮುಂದಿನಿಂದ ಬರುವ ಗಾಳಿಯನ್ನೂ ಒಟ್ಟಿಗೇ ತಡೆಯುತ್ತದೆ. ನಡುವೆ ಬಲೆಯ ಕಿಟಕಿ ಇರುವುದನ್ನೇ ಕೊಳ್ಳಬೇಕು.

ಇಷ್ಟೆಲ್ಲ ಆದಮೇಲೂ ನಾಯಿಯನ್ನು ಸುಮ್ಮನೆ ಬಿಟ್ಟು ಕರೆದೊಯ್ಯುವಂತಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಏನಕ್ಕಾದರೂ ಬಡಿದು ನಿಂತರೆ, ಕಟ್ಟದ 34 ಕಿಲೋ ನಾಯಿ ಹತ್ತಿರ ಹತ್ತಿರ ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟೇ ರಭಸದಲ್ಲಿ ಮುಂದಕ್ಕೆ ಎರಗುತ್ತದೆ. ಎದುರಿಗಿರುವುದು ಅಜ್ಜಿಯ ಮತ್ತು ಮಗಳ ತಲೆ. ಆದ್ದರಿಂದ ಡಿಕ್ಕಿ ಮತ್ತು ಹಿಂದಿನ ಸೀಟಿನ ನಡುವೆ ಲೋಹದ ಜಾಲರಿ ಬೇಕು. ತಲೆದಿಂಬಿನ ಕಂಬಿಗೆ ಮಾತ್ರ ಸಿಕ್ಕಿಸುವ ಹಗುರ ಜಾಲರಿ ನಾಯಿ ಇಣುಕುವುದನ್ನು ತಡೆಯುತ್ತದೆ, ಅಪಘಾತವನ್ನಲ್ಲ. ಚಾವಣಿ ಮತ್ತು ನೆಲಕ್ಕೆ ಬಿಗಿಯುವಂಥದ್ದು ಮೇಲು. ಡಿಕ್ಕಿಯ ನೆಲದಲ್ಲಿ ಸಾಮಾನು ಕಟ್ಟುವ ಲೋಹದ ಕೊಂಡಿಗಳಿವೆಯೇ, ಅವು ಪ್ಲಾಸ್ಟಿಕ್ಕಿಗೆ ಅಂಟಿದ್ದೋ ಕಾರಿನ ದೇಹಕ್ಕೆ ಬೋಲ್ಟ್ ಮಾಡಿದ್ದೋ ಎಂದು ಎಳೆದು ನೋಡಬೇಕು. ಪಟ್ಟಿಯನ್ನು ಎದೆಗೆ ತೊಡಿಸುವ ಹಾರ್ನೆಸ್ಸಿಗೆ ಕಟ್ಟಬೇಕು, ಕುತ್ತಿಗೆಯ ಬೆಲ್ಟಿಗೆ ಎಂದೂ ಅಲ್ಲ.

ಮೈಸೂರಿನ ಕುಟುಂಬದ ಚೀಟಿಗೆ ಮರಳಿದರೆ, ನಾಲ್ಕು ಜನ, 34 ಕಿಲೋ ನಾಯಿ, ಹತ್ತಲು ಕಷ್ಟಪಡುವ ಅಜ್ಜಿ. ಮಧ್ಯಮ ಗಾತ್ರದ ಎಸ್‌ಯುವಿ ಕೊಂಡರೆ ಡಿಕ್ಕಿ ಪೂರ್ತಿ ನಾಯಿಗೇ ಹೋಗುತ್ತದೆ, ಬಟ್ಟೆಬರೆ ಚಾವಣಿಯ ಕ್ಯಾರಿಯರ್ ಮೇಲೆ. ಅಂಚಿನ ಎತ್ತರ ಇವತ್ತು ನಡೆಯುತ್ತದೆ, ಮೂರು ವರ್ಷದ ನಂತರ ಉದ್ದನೆಯ ರ‍್ಯಾಂಪ್ ಬೇಕಾಗುತ್ತದೆ. ಕೂಪೆ ಶೈಲಿಯದನ್ನು ಮೊದಲ ಸುತ್ತಿನಲ್ಲೇ ಬಿಡಬಹುದು. ಟ್ರೈಬರ್ ಅಳತೆಯಲ್ಲಿ ಗೆಲ್ಲುತ್ತದೆ, ಬೆಲೆಯಲ್ಲೂ. ಆದರೆ ಅದರದ್ದು 72 ಅಶ್ವಶಕ್ತಿಯ ಒಂದು ಲೀಟರ್ ಎಂಜಿನ್. ನಾಲ್ಕು ಜನ, ನಾಯಿ, ಸಾಮಾನು ಹೇರಿಕೊಂಡು, ಎ.ಸಿ. ಹಾಕಿಕೊಂಡು ಸಂಪಾಜೆ ಹತ್ತುವಾಗ ಪದೇಪದೇ ಎರಡನೇ ಗೇರಿಗೆ ಇಳಿಯಬೇಕಾದೀತು. ಅವಸರವಿಲ್ಲದವರಿಗೆ ಅದು ಅಡ್ಡಿಯಲ್ಲ. ಎರ್ಟಿಗಾದಂಥ ಎಂಪಿವಿಯಲ್ಲಿ ಮೂರನೇ ಸಾಲನ್ನು ಮಡಚಿದರೆ ನಾಯಿಗೂ ಎರಡು ಬ್ಯಾಗಿಗೂ ಆಳ ಸಾಕಾಗುತ್ತದೆ, ಅಜ್ಜಿಗೂ ಬಾಗಿಲಿನ ನೆಲ ತಗ್ಗು. ಮೇಲೆದ್ದ ನೆಲದಿಂದ ಚಾವಣಿಗೆ 74 ಸೆಂಟಿಮೀಟರ್ ಉಳಿಯುತ್ತದೆಯೇ ಎಂಬುದೊಂದೇ ಪ್ರಶ್ನೆ. ಒಂದೆರಡು ಸೆಂಟಿಮೀಟರ್ ಕಡಿಮೆ ಬಿದ್ದರೂ ಮಲಗುವ ಸ್ವಭಾವದ ಈ ನಾಯಿಗೆ ನಡೆಯುತ್ತದೆ. ಕಿಟಕಿ ನೋಡುತ್ತಾ ದಾರಿಯುದ್ದಕ್ಕೂ ನಿಂತೇ ಬರುವ ನಾಯಿಯಾದರೆ ನಡೆಯುವುದಿಲ್ಲ.

ಅದಕ್ಕೇ ಕೊನೆಯ ಟೆಸ್ಟ್ ಡ್ರೈವ್‌ಗೆ ನಾಯಿಯನ್ನೇ ಕರೆದೊಯ್ಯಬೇಕು. ಮನೆಯಿಂದ ಹಳೆಯ ಬೆಡ್‌ಶೀಟು ಒಯ್ದು ಡಿಕ್ಕಿಗೆ ಹಾಸುತ್ತೇವೆಂದು ಮೊದಲೇ ಫೋನಿನಲ್ಲಿ ಹೇಳಿದರೆ ಒಪ್ಪುವ ಶೋರೂಮುಗಳಿವೆ. ಒಪ್ಪದಿದ್ದರೆ ಅದೇ ಮಾದರಿ ಇಟ್ಟುಕೊಂಡ ಪರಿಚಿತರನ್ನು ಕೇಳಬಹುದು, ಅಥವಾ ನಾಯಿಗೆ ಅಭ್ಯಂತರವಿಲ್ಲದವರಿಂದ ಒಂದು ದಿನಕ್ಕೆ ಬಾಡಿಗೆಗೆ ತರಬಹುದು. ಊರ ಹೊರಗಿನ ರಸ್ತೆಯಲ್ಲಿ ಇಪ್ಪತ್ತು ನಿಮಿಷ, ನಾಲ್ಕು ತಿರುವು, ಒಂದೆರಡು ಗಟ್ಟಿ ಬ್ರೇಕು. ಮಗಳು ಹಿಂದೆ ತಿರುಗಿ ನಾಯಿಯನ್ನೇ ಗಮನಿಸಬೇಕು. ಎ.ಸಿ. ಇದ್ದೂ ತೇಕುತ್ತಿದೆಯೇ, ಪದೇಪದೇ ಆಕಳಿಸಿ ಜೊಲ್ಲು ಸುರಿಸುತ್ತಿದೆಯೇ, ತಿರುವಿನಲ್ಲಿ ಕಾಲು ಅಗಲಿಸಿ ನಿಲ್ಲುತ್ತಿದೆಯೇ, ಅಥವಾ ಎರಡನೇ ತಿರುವಿಗೇ ಮೂತಿಯನ್ನು ಮುಂಗಾಲಿನ ಮೇಲಿಟ್ಟು ಮಲಗಿಬಿಟ್ಟಿತೇ. ವಾಪಸು ಬಂದ ಮೇಲೆ ಹಿಂಬಾಗಿಲು ತೆರೆದು, ಕರೆಯದೆ, ಅದು ತಾನಾಗಿ ಹೇಗೆ ಇಳಿಯುತ್ತದೆ ಎಂದು ಕಾಯಬೇಕು. ಬುಕಿಂಗ್ ಹಣ ಕಟ್ಟುವುದು ಆಮೇಲೆ.